"30 ದಿನ", "ಒಂದು ತಿಂಗಳು", ಒಂದು ಬೌನ್ಸ್ ಆದ ಚೆಕ್

ಕೋಲಾರದಲ್ಲಿ ನಮ್ಮ ಸೀನಿಯರ್ ವಕೀಲರ ಹತ್ರ ಜೂನಿಯರ್ ಆಗಿದೀನಿ. ಕಕ್ಷಿದಾರರು ಒಪ್ಪಿದ್ರೆ ಮಾತುಕತೆ ರೆಕಾರ್ಡ್ ಮಾಡ್ಕೊಂಡು, ಅದನ್ನ ಕೇಳಿ ಏನೇನು ಹೇಳಿದ್ರು ಅಂತ ಬರೆದು ವಾಟ್ಸಾಪ್ ಮಾಡೋದು ನನ್ನ ಕೆಲ್ಸ. ಒಂದ್ಸಲ ಇದ್ರಲ್ಲೇ ಎಡವಿದೆ.

ಶ್ರೀನಿವಾಸಪುರ ಕಡೆ ರೈತರೊಬ್ರಿಗೆ ಟೊಮೊಟೊ ಲೋಡ್ ತಗೊಂಡ ಚೆನ್ನೈ ವ್ಯಾಪಾರಿ ಕೊಟ್ಟ 2,40,000ದ ಚೆಕ್ ದುಡ್ಡಿಲ್ಲ ಅಂತ ವಾಪಸ್ ಬಂದಿತ್ತು. ಬ್ಯಾಂಕ್ ಮೆಮೋ ಅವ್ರ ಕೈ ಸೇರಿದ್ದು ಜೂನ್ 5. ನಮ್ಮ ಹತ್ರ ಬಂದಿದ್ದು 19ಕ್ಕೆ, ನಾನು ಬರೆದು ಕಳ್ಸಿದ್ದು 20ಕ್ಕೆ. "ನೋಟಿಸ್‌ಗೆ 30 ದಿನ, ಆಮೇಲೆ ಕೇಸ್‌ಗೆ ಒಂದು ತಿಂಗಳು" ಅಂತ ಸಾರ್ ಹೇಳಿದ್ದನ್ನೇ ಹಾಗಾಗೇ ಟೈಪ್ ಮಾಡಿದ್ದೆ.

ಅವ್ರು ಆ 30 ದಿನಾನ ನನ್ನ ಮೆಸೇಜ್ ಬಂದ ದಿನದಿಂದ ಎಣಿಸಿದಾರೆ! ಅತ್ಲಾಗೆ ವ್ಯಾಪಾರಿ ಬೇರೆ ದಿನಾ ಫೋನಲ್ಲಿ "ಮುಂದಿನ ವಾರ ಹಾಕ್ತೀನಿ" ಅಂತಿದ್ನಂತೆ, ಅವ್ನು ಎಷ್ಟು ಸಲ ಹಾಗಂದ್ರೂ ಗಡುವು ಮಾತ್ರ ನಿಲ್ಲಲ್ಲ. ಜುಲೈ 4ರ ಸಂಜೆ ಸುಮ್ನೆ ವಿಚಾರಿಸೋಣ ಅಂತ ಬಂದ್ರು. "ಇನ್ನೂ ಹದಿನೈದು ದಿನ ಇದೆಯಲ್ಲ ಮೇಡಂ" ಅಂದಾಗ ನನ್ನ ಎದೆ ಧಸಕ್ಕಂತು, ಯಾಕಂದ್ರೆ ಆ 30 ದಿನ ಎಣಿಸ್ಬೇಕಿದ್ದು ಮೆಮೋ ಕೈ ಸೇರಿದ ದಿನದಿಂದ, ಕೊನೇ ದಿನ ಜುಲೈ 5. ಕೇಸ್ ಹಾಕೋದು ತಡವಾದ್ರೆ ಸರಿಯಾದ ಕಾರಣ ಕೊಟ್ಟು ಕೋರ್ಟನ್ನ ಕೇಳ್ಬೋದು, ನೋಟಿಸ್ ತಡವಾದ್ರೆ ಅದೂ ಇಲ್ಲ. ಚೆಕ್ಕಿನ ಮೂರು ತಿಂಗಳ ಅವಧಿ ಉಳಿದಿದ್ರೆ ಇನ್ನೊಂದ್ಸಲ ಬ್ಯಾಂಕಿಗೆ ಹಾಕಿ ಹೊಸ ಮೆಮೋ ತಗೋಬೋದಿತ್ತು, ಇವರ ಚೆಕ್ಕಿಗೆ ಅದೂ ಮುಗಿದಿತ್ತು.

ರಾತ್ರಿ ನೋಟಿಸ್ ಟೈಪ್ ಮಾಡಿ ಬೆಳಗ್ಗೆ ರಿಜಿಸ್ಟರ್ಡ್ ಪೋಸ್ಟ್ ಮಾಡಿದ್ವಿ. ಅದು ತಲುಪಿದ ಮೇಲೆ ಮತ್ತೆ ಕೂತು ರೈತರಿಗೆ ಹೀಗೆ ಬರೆದೆ:

"ಅಣ್ಣ, ನೋಟಿಸ್ ವ್ಯಾಪಾರಿಗೆ 9ಕ್ಕೆ ತಲುಪಿದೆ. ದುಡ್ಡು ಕೊಡಕ್ಕೆ ಅವ್ರಿಗೆ ಜುಲೈ 24ರವರೆಗೆ ಟೈಮ್ ಇದೆ, ಅದಕ್ಕಿಂತ ಮುಂಚೆ ಕೇಸ್ ಹಾಕಿದ್ರೆ ನಿಲ್ಲಲ್ಲ. ಆಮೇಲೆ ಕೇಸ್ ಹಾಕಕ್ಕೆ ಕೊನೇ ದಿನ ಆಗಸ್ಟ್ 25, ನೀವು ಆಗಸ್ಟ್ 18ಕ್ಕೇ ಬನ್ನಿ. ಒರಿಜಿನಲ್ ಚೆಕ್, ಮೆಮೋ, ಪೋಸ್ಟ್ ರಸೀದಿ, ಲೋಡಿನ ಬಿಲ್ಲು, ಪಾಸ್‌ಬುಕ್, ಆಧಾರ್ ತನ್ನಿ. ಚೆಕ್ ಲ್ಯಾಮಿನೇಷನ್ ಮಾಡಿಸ್ಬೇಡಿ. ನಿಮ್ಮ ಅಕೌಂಟ್ ಕೋಲಾರದ ಬ್ರಾಂಚಲ್ಲಿ ಇರೋದ್ರಿಂದ ಕೇಸ್ ಇಲ್ಲೇ ನಡೆಯುತ್ತೆ, ಚೆನ್ನೈಗೆ ಓಡಾಡಂಗಿಲ್ಲ. ದುಡ್ಡು ವಸೂಲಿಗೆ ಸಿವಿಲ್ ದಾವಾ ಬೇರೆ ಹಾಕ್ಬೋದು, ಅದಕ್ಕೆ ಮೂರು ವರ್ಷ ಟೈಮ್ ಇದೆ, ಆದ್ರೆ ಕೇಳೋ ಮೊತ್ತದ ಮೇಲೆ ಕೋರ್ಟ್ ಫೀ ಕಟ್ಬೇಕು. ನಡುವೆ ಲೋಕ ಅದಾಲತ್‌ನಲ್ಲಿ ರಾಜಿ ಆದ್ರೆ ಆ ಫೀ ವಾಪಸ್ ಬರುತ್ತೆ. ನೋಟಿಸ್‌ದು 2,500 ಆಗ್ಲೇ ಕೊಟ್ಟಿದೀರ, ಕೇಸಿನ ಫೀ 18ಕ್ಕೆ ಸಾರ್ ಮುಂದೆ ಮಾತಾಡಿ."

ಈಗ ರೆಕಾರ್ಡಿಂಗಲ್ಲಿ "ಇಷ್ಟು ದಿನ" ಅಂತ ಬಂದ ಕಡೆ ಆಡಿಯೋ ನಿಲ್ಸಿ, ಯಾವತ್ತಿಂದ ಅಂತ ಸಾರ್‌ನ ಕೇಳಿ, ಮೆಮೋ ಕೈಲಿ ಹಿಡ್ಕೊಂಡು ಕ್ಯಾಲೆಂಡರಲ್ಲಿ ಎಣಿಸ್ತೀನಿ. ತಲುಪಿದ ದಿನ ಬಿಟ್ಟು ಮಾರನೇ ದಿನ ಒಂದು. ಆ ಅಣ್ಣ 18ಕ್ಕೆ ಬೆಳಗ್ಗೆ ಒಂಬತ್ತಕ್ಕೇ ಬಂದು ಬಾಗ್ಲಲ್ಲಿ ಕೂತಿದ್ರು, ನಾನಿನ್ನೂ ಬೀಗ ತೆಗೆದಿರ್ಲಿಲ್ಲ.