ಮೂಗಿನ ಮೇಲೆ ಬೆರಳಿಟ್ಟ ಅಜ್ಜಿ ಮತ್ತು ಒಂದು ಕೊಳಕು ಗೆರೆ

ವಾಟ್ಸ್‌ಆ್ಯಪ್‌ಗೆ ಚಲಿಸುವ ಸ್ಟಿಕ್ಕರ್‌ಗಳನ್ನು ಮಾಡಿಕೊಡುವ ಕೆಲಸ ನಮ್ಮ ಪುಟ್ಟ ಸ್ಟುಡಿಯೋಗೆ ಬಂದಿತ್ತು. ಒಬ್ಬಳೇ ಅಜ್ಜಿ, ಹದಿನಾರು ಭಾವ. ಅವುಗಳಲ್ಲಿ ನನಗೆ ಅತಿ ಪ್ರಿಯವಾದದ್ದು ಮೂಗಿನ ಮೇಲೆ ಬೆರಳಿಟ್ಟು, ತಲೆಯನ್ನು ಮೆಲ್ಲಗೆ ಅತ್ತಿತ್ತ ಆಡಿಸುವ ಅಜ್ಜಿ. ಎರಡು ಸೆಕೆಂಡಿನ ಆ ಚಿತ್ರ ನನ್ನ ಎರಡು ದಿನ ತಿಂದಿತು.

ಪ್ರತಿ ಸ್ಟಿಕ್ಕರ್ 512 × 512 ಪಿಕ್ಸೆಲ್‌ನ ವೆಬ್‌ಪಿ ಕಡತವಾಗಿರಬೇಕು, 500 ಕೆಬಿ ಮೀರಬಾರದು, ಹಿನ್ನೆಲೆ ಪಾರದರ್ಶಕವಾಗಿರಬೇಕು. ಕಪ್ಪು ಪರದೆಯಲ್ಲೂ ಆಕೃತಿ ಎದ್ದು ಕಾಣಲೆಂದು ಸುತ್ತ 8 ಪಿಕ್ಸೆಲ್‌ನ ಬಿಳಿ ಅಂಚು ಎಳೆಯುವುದು ರೂಢಿ. ನಾವೂ ಎಳೆದಿದ್ದೆವು. ನನ್ನ ಫೋನು ಸದಾ ಡಾರ್ಕ್ ಮೋಡ್‌ನಲ್ಲಿರುತ್ತದೆ. ಅದರಲ್ಲಿ ಅಜ್ಜಿ ಚೊಕ್ಕಟವಾಗಿ ಕಂಡಳು. ಕಳುಹಿಸಿಬಿಡೋಣ ಎನ್ನುವಷ್ಟರಲ್ಲಿ ಜೊತೆಯಲ್ಲಿ ಕೆಲಸ ಮಾಡುವ ಹುಡುಗಿ ತನ್ನ ಫೋನು ಮುಂದೆ ಹಿಡಿದು, "ಸರ್, ಅಜ್ಜಿಯ ಸುತ್ತ ಏನೋ ಮಸಿ ಹಿಡಿದಿದೆ ನೋಡಿ" ಎಂದಳು. ಬಿಳಿ ಅಂಚಿನ ಹೊರಗೆ ಕೂದಲೆಳೆಯಷ್ಟು ತೆಳುವಾದ ಬೂದು ಗೆರೆ. ತಿಳಿ ಹಿನ್ನೆಲೆಯಲ್ಲಿ ಮಾತ್ರ ಕಾಣುತ್ತಿತ್ತು.

ಕಾರಣ ಚಿತ್ರದಲ್ಲಿರಲಿಲ್ಲ, ಆಫ್ಟರ್ ಎಫೆಕ್ಟ್ಸ್‌ನಿಂದ ಪಿಎನ್‌ಜಿ ಫ್ರೇಮ್‌ಗಳನ್ನು ಹೊರತೆಗೆದ ರೀತಿಯಲ್ಲಿತ್ತು. ಅಂಚು ನುಣುಪಾಗಿ ಕಾಣಲು ಅಲ್ಲಿನ ಪಿಕ್ಸೆಲ್‌ಗಳು ಅರ್ಧ ಪಾರದರ್ಶಕವಾಗಿರುತ್ತವೆ. ಬಿಳಿಯಾದರೆ ಬಣ್ಣದ ಬೆಲೆ 255, ಪಾರದರ್ಶಕತೆ ಅರ್ಧ ಎಂದು ಬೇರೆ ಬೇರೆಯಾಗಿ ಬರೆದಿಡಬೇಕು. ನಮ್ಮ ಸೆಟ್ಟಿಂಗ್ `Premultiplied (Matted)` ಎಂದಿತ್ತು. ಹಾಗಿದ್ದಾಗ ಬಣ್ಣವನ್ನು ಮೊದಲೇ ಕಪ್ಪಿನೊಂದಿಗೆ ಬೆರೆಸಿ 128 ಎಂದು ಬರೆಯಲಾಗುತ್ತದೆ. ಫೋನಿಗೆ ಅದು ಗೊತ್ತಿಲ್ಲ. ಅದು ಇನ್ನೊಮ್ಮೆ ಬೆರೆಸುತ್ತದೆ. ಬಿಳಿ ಹಿನ್ನೆಲೆಯ ಮೇಲೆ 128ರ ಅರ್ಧ, 255ರ ಅರ್ಧ ಸೇರಿ ಸುಮಾರು 191. ಅಪ್ಪಟ ಬಿಳಿ ಇರಬೇಕಾದಲ್ಲಿ ಬೂದು. ಕಪ್ಪು ಹಿನ್ನೆಲೆಯಲ್ಲೂ ಲೆಕ್ಕ ತಪ್ಪುತ್ತದೆ, ಆದರೆ ಕಪ್ಪಿನಲ್ಲಿ ಕಪ್ಪು ಕರಗಿ ಕಣ್ಣಿಗೆ ಬೀಳುವುದಿಲ್ಲ.

ಸೆಟ್ಟಿಂಗನ್ನು `Straight (Unmatted)` ಮಾಡಿ ಹದಿನಾರನ್ನೂ ಮತ್ತೆ ಹೊರತೆಗೆದೆವು. ಈಗ ನಾನು ಪ್ರತಿ ಸ್ಟಿಕ್ಕರನ್ನೂ ಬಿಳಿ, ಕಪ್ಪು, ಕಡು ಗುಲಾಬಿ ಮೂರೂ ಹಿನ್ನೆಲೆಗಳ ಮೇಲಿಟ್ಟು, ನಾಲ್ಕು ಪಟ್ಟು ಹಿಗ್ಗಿಸಿ ನೋಡುತ್ತೇನೆ. ಗುಲಾಬಿಯ ಮೇಲೆ ಬಿಳಿಯ ಕಲೆಯೂ ಕಪ್ಪಿನ ಕಲೆಯೂ ಅಡಗಲಾರವು.

ಗೆರೆ ಹೋಯಿತು, ಆದರೂ ಅಜ್ಜಿ ಪ್ರತಿ ಸುತ್ತಿಗೊಮ್ಮೆ ಬಿಕ್ಕಳಿಸಿದಂತೆ ತಡೆಯುತ್ತಿದ್ದಳು. ಸೆಕೆಂಡಿಗೆ 12 ಫ್ರೇಮ್, ಎರಡು ಸೆಕೆಂಡಿಗೆ 24. ಸುತ್ತು ಕೂಡಿಕೊಳ್ಳಲೆಂದು ಮೊದಲ ಭಂಗಿಯನ್ನೇ 25ನೆಯ ಫ್ರೇಮ್ ಆಗಿ ಇಟ್ಟಿದ್ದೆವು. ಅದು ಅಲ್ಲಿರಬೇಕಾದದ್ದು ಲೆಕ್ಕಕ್ಕೆ, ಹೊರತೆಗೆಯುವುದಕ್ಕಲ್ಲ. ಅದೂ ಕಡತದೊಳಗೆ ಸೇರಿದ್ದರಿಂದ ಒಂದೇ ಭಂಗಿ ಸಾಲಾಗಿ ಎರಡು ಬಾರಿ ಬರುತ್ತಿತ್ತು. ಅದನ್ನು ಕಿತ್ತೊಡನೆ ತಡೆ ಬಹುಮಟ್ಟಿಗೆ ಹೋಯಿತು.

ಪೂರ್ತಿ ಹೋಗಲಿಲ್ಲ. ಸುತ್ತಿನ ಬೆಸುಗೆಯನ್ನು ನಾವು ತಲೆ ನಟ್ಟನಡುವೆ ಇರುವಲ್ಲಿ ಹಾಕಿದ್ದೆವು. ತೂಗುವ ಯಾವ ವಸ್ತುವಿಗೂ ನಡುವೆಯೇ ವೇಗ ಹೆಚ್ಚು. ಅಲ್ಲಿ ಎಳ್ಳಷ್ಟು ಏರುಪೇರಾದರೂ ಕಣ್ಣು ಹಿಡಿಯುತ್ತದೆ. ತುದಿಯಲ್ಲಿ ತಲೆ ತಾನಾಗಿ ನಿಧಾನಿಸಿ ಹಿಂದಿರುಗುತ್ತದೆ. ಹಾಗಾಗಿ ಆರಂಭವನ್ನು ಎಡತುದಿಗೆ ಸರಿಸಿದೆವು. ಇದರಿಂದ ಇನ್ನೊಂದು ಲಾಭವೂ ಸಿಕ್ಕಿತು. ಸ್ಟಿಕ್ಕರ್ ಎಲ್ಲ ಕಡೆಯೂ ಸದಾ ಕುಣಿಯುತ್ತಿರುವುದಿಲ್ಲ, ನಿಂತ ಚಿತ್ರವಾಗಿಯೂ ಕಾಣಬಹುದು. ಆಗ ಓರೆಯಾದ ತಲೆ, ಏರಿದ ಹುಬ್ಬು, ಮೂಗಿನ ಮೇಲಿನ ಬೆರಳು ಇದ್ದರೆ ಅಲುಗಾಡದೆಯೂ ಅಜ್ಜಿಯ ಬೆರಗು ತಿಳಿಯುತ್ತದೆ. (ಹುಬ್ಬನ್ನು ಮೊದಲು 6 ಪಿಕ್ಸೆಲ್ ಏರಿಸಿದ್ದೆವು. ದೊಡ್ಡ ಪರದೆಯಲ್ಲಿ ಸೊಗಸಾಗಿತ್ತು, ಫೋನಿನಲ್ಲಿ ಏನೂ ಕಾಣಲಿಲ್ಲ. 24 ಮಾಡಿದ ಮೇಲೆಯೇ ಮುಖಕ್ಕೆ ಜೀವ ಬಂದದ್ದು.)

ಕೊನೆಗೆ ಫ್ರೇಮ್‌ಗಳನ್ನು ಸೇರಿಸಿದ್ದು ಹೀಗೆ. 83 ಎಂದರೆ ಒಂದು ಫ್ರೇಮ್ ನಿಲ್ಲುವ ಮಿಲಿಸೆಕೆಂಡು, `-loop 0` ಎಂದರೆ ನಿಲ್ಲದ ಸುತ್ತು:

```
img2webp -loop 0 -lossy -q 70 -d 83 ajji_*.png -o ajji.webp
```

ಹದಿನೈದು ಸ್ಟಿಕ್ಕರ್‌ಗಳು ಮಿತಿಯೊಳಗೆ ಬಂದವು. ಕಾಫಿ ಲೋಟದ ಅಜ್ಜಿ ಮಾತ್ರ ಬರಲಿಲ್ಲ. ಗುಣಮಟ್ಟವನ್ನು 70ರಿಂದ 50ಕ್ಕೆ ಇಳಿಸಿದಾಗ ಸೀರೆಯ ಬಣ್ಣ ಕೆಟ್ಟಿತೇ ಹೊರತು ಗಾತ್ರ ಸಾಕಷ್ಟು ಇಳಿಯಲಿಲ್ಲ. ಹೊರೆಯಿದ್ದದ್ದು ಲೋಟದ ಹಬೆಯಲ್ಲಿ. `-q` ತಗ್ಗಿಸುವುದು ಬಣ್ಣದ ವಿವರವನ್ನು. ಪಾರದರ್ಶಕತೆಯ ವಿವರವನ್ನು ವೆಬ್‌ಪಿ ಬೇರೆಯಾಗಿ, ಸಾಮಾನ್ಯವಾಗಿ ಏನನ್ನೂ ಕಳೆಯದೆ ಇಡುತ್ತದೆ. ಫ್ರೇಮ್‌ನಿಂದ ಫ್ರೇಮ್‌ಗೆ ಬದಲಾಗುವ ಮಸುಕಾದ ಹಬೆ ಎಂದರೆ ಪ್ರತಿ ಸಲವೂ ಹೊಸ ವಿವರ. ಹಬೆಯನ್ನು ಅಳಿಸಿ, ರಂಗೋಲಿಯ ಎಳೆಯಂತೆ ಗಟ್ಟಿ ಅಂಚಿನ ಎರಡು ಬಿಳಿ ಸುರುಳಿ ಬಿಡಿಸಿದೆವು. ಗುಣಮಟ್ಟ 70ರಲ್ಲೇ ಕಡತ ಮಿತಿಯೊಳಗೆ ಬಂತು. ಬೆರಳಗಲದ ಚಿತ್ರದಲ್ಲಿ ಆ ಸುರುಳಿಗಳೇ ಹೆಚ್ಚು ಬಿಸಿಯಾಗಿ ಕಂಡವು.