ಹಾಲ್‌ನವರಿಗೂ ಫೋನ್‌ನವರಿಗೂ ಒಂದೇ ಮಾತು ಮುಟ್ಟಬೇಕಾದರೆ

"ಹಾಲ್‌ನಾಗ ಕೂತವ್ರಿಗೆ ಎಲ್ಲಾ ತಿಳೀತದರಿ. ಆದ್ರ ಊರಾಗ ಕೂತು ವಿಡಿಯೊದಾಗ ನೋಡೋರು 'ಏನೂ ತಿಳೀಲಿಲ್ರಿ' ಅಂತಾರ. ಇಬ್ಬರಿಗೂ ತಿಳಿಯೋ ಹಂಗ ಭಾಷಣ ಹ್ಯಾಂಗ ತಯಾರ್ ಮಾಡ್ಬೇಕು?"

ಸ್ಲೈಡ್ ತೆರೆಯುವ ಮೊದಲು ದನಿಯ ದಾರಿಯನ್ನು ನೋಡಿ. ಚಿತ್ರ ಎರಡು ನಿಮಿಷ ನಿಂತರೂ ಜನ ಕೇಳುತ್ತ ಕೂರುತ್ತಾರೆ, ದನಿ ಕಡಿದು ಕಡಿದು ಬಂದರೆ ಎದ್ದು ಹೋಗುತ್ತಾರೆ. ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟು ಮೂರು ಮೀಟರ್ ದೂರ ನಿಂತು ಮಾತಾಡಿದರೆ, ಹಾಲ್‌ನವರ ಕಿವಿ ನಿಮ್ಮ ಮಾತನ್ನು ಗದ್ದಲದಿಂದ ಬೇರ್ಪಡಿಸಿಕೊಳ್ಳುತ್ತದೆ. ಮೈಕಿಗೆ ಆ ಜಾಣ್ಮೆ ಇಲ್ಲ. ಗೋಡೆಯ ಮಾರ್ದನಿ, ಕುರ್ಚಿ ಎಳೆದ ಸದ್ದು, ಫ್ಯಾನಿನ ಗಾಳಿ ಎಲ್ಲವನ್ನೂ ಅದು ಒಟ್ಟಿಗೆ ಕಳಿಸುತ್ತದೆ. ಆದ್ದರಿಂದ ಕಾಲರ್ ಮೈಕ್ ಬೇಕೇ ಬೇಕು, ಅದೂ ಗದ್ದಕ್ಕಿಂತ ಒಂದು ಗೇಣು ಕೆಳಗೆ. ರಾಯಚೂರಿನ ಬಿಸಿಲಿನಲ್ಲಿ ಫ್ಯಾನ್ ನಿಲ್ಲಿಸಿ ಅನ್ನಲು ಆಗುವುದಿಲ್ಲ. ಮಾತಾಡುವವರ ನೆತ್ತಿಯ ಮೇಲಿನದೊಂದನ್ನು ಆರಿಸಿ, ಮೈಕಿಗೆ ಸ್ಪಂಜಿನ ಟೋಪಿ ಹಾಕಿ, ಉಳಿದವು ತಿರುಗಲಿ.

ಹಾಲ್‌ನಲ್ಲಿ ಸೌಂಡ್ ಬಾಕ್ಸ್ ಇದ್ದರೆ ಇನ್ನೊಂದು ತೊಡಕು. ಮೈಕ್ ಆಂಪ್ಲಿಫೈಯರಿಗೆ ಮಾತ್ರ ಹೋಗಿದ್ದರೆ ಹಾಲ್ ತುಂಬ ದನಿ ಇರುತ್ತದೆ, ಹೊರಗಿನವರಿಗೆ ದೂರದ ಗುಂಯ್‌ಗುಡುವಿಕೆ ಮಾತ್ರ. ಮಿಕ್ಸರಿನಿಂದ ಒಂದು ವೈರು ಯುಎಸ್‌ಬಿ ಸೌಂಡ್ ಕಾರ್ಡಿನ ಮೂಲಕ ಲ್ಯಾಪ್‌ಟಾಪಿಗೆ ಬರಬೇಕು. ಲ್ಯಾಪ್‌ಟಾಪಿನಿಂದ ಇನ್ನೊಂದು ವೈರು ಮಿಕ್ಸರಿಗೆ ಹೋಗಬೇಕು, ಹೊರಗಿನವರ ಪ್ರಶ್ನೆ ಹಾಲ್‌ಗೆ ಕೇಳಿಸಲು. ಎಡವುವುದು ಇಲ್ಲೇ. ಲ್ಯಾಪ್‌ಟಾಪಿನಿಂದ ಬಂದ ದನಿಯನ್ನು ಮಿಕ್ಸರ್ ತಿರುಗಿ ಲ್ಯಾಪ್‌ಟಾಪಿಗೇ ಕಳಿಸಿದರೆ, ಸಿಂಧನೂರಿನಲ್ಲಿ ಪ್ರಶ್ನೆ ಕೇಳಿದವರಿಗೆ ಅರೆ ಕ್ಷಣ ತಡವಾಗಿ ತಮ್ಮದೇ ದನಿ ಕೇಳಿಸುತ್ತದೆ, ಮಾತು ತೊದಲಿ ನಿಲ್ಲಿಸಿಬಿಡುತ್ತಾರೆ. ಸೌಂಡ್‌ನವರಿಗೆ ಹೀಗೆ ಹೇಳಿ: ಹೊರಗೆ ಹೋಗುವ ಲೈನಿನಲ್ಲಿ ಹಾಲ್‌ನ ಮೈಕುಗಳು ಮಾತ್ರ ಇರಲಿ, ಲ್ಯಾಪ್‌ಟಾಪಿನ ಚಾನೆಲ್ ಸೊನ್ನೆಗಿರಲಿ.

ಇನ್ನು ಭಾಷಣ. ಹತ್ತಿಯ ಗುಲಾಬಿ ಕಾಯಿಕೊರಕದ ಬಗ್ಗೆ 20 ನಿಮಿಷದ ಮಾತು ಅಂದುಕೊಳ್ಳಿ. ರಾಯಚೂರಿನ ಹಾಲ್‌ನಲ್ಲಿ 30 ರೈತರು, ದೇವದುರ್ಗ, ಮಾನ್ವಿ, ಲಿಂಗಸುಗೂರು ಕಡೆಯಿಂದ ಫೋನ್‌ನಲ್ಲಿ 25 ಜನ. ಸಾಮಾನ್ಯವಾಗಿ ಮಾಡುವುದೇನು? ಹೊಲದಿಂದ ತಂದ ಕಾಯಿಗಳನ್ನು ಹಾಲ್‌ನವರ ಕೈಗೆ ಕೊಟ್ಟು "ಒಡೆದು ನೋಡ್ರಿ" ಅನ್ನುವುದು. ಈ ಹುಳ ಎಳೆಯದಿರುವಾಗಲೇ ಕಾಯಿಯೊಳಗೆ ಸೇರುತ್ತದೆ, ಹೊಕ್ಕ ತೂತು ಮುಚ್ಚಿಹೋಗುತ್ತದೆ, ಹೊರಗಿನಿಂದ ಕಾಯಿ ಚೆನ್ನಾಗಿಯೇ ಕಾಣುತ್ತದೆ. ಹಾಗಾಗಿ ಒಡೆಯುವುದೇ ಪಾಠ. ಆ ಹತ್ತು ನಿಮಿಷ ಫೋನ್‌ನವರಿಗೆ ಕಾಣುವುದು ಬೆನ್ನುಗಳು, ಕೇಳುವುದು ಗದ್ದಲ.

ಇದಕ್ಕೆ ಕ್ಯಾಮೆರಾ ಮದ್ದಲ್ಲ, ಹಿಂದಿನ ದಿನದ ಒಂದು ಸಂದೇಶ ಮದ್ದು: "ನಾಳೆ ಸಭೆಗೆ ಕೂರುವಾಗ ನಿಮ್ಮ ಹೊಲದ ಬೇರೆ ಬೇರೆ ಗಿಡಗಳಿಂದ 20 ಹಸಿರು ಕಾಯಿ ಕಿತ್ತು ಪಕ್ಕದಲ್ಲಿಟ್ಟುಕೊಳ್ಳಿ." ಈಗ ಹಾಲ್‌ನವರು ಒಡೆಯುವಾಗ ಅವರೂ ಒಡೆಯುತ್ತಾರೆ. 20ರಲ್ಲಿ ಎರಡು ಕಾಯಿಯೊಳಗೆ ಹುಳ ಸಿಕ್ಕರೆ ಶೇಕಡಾ 10, ಅಂದರೆ ಔಷಧಿಯ ಯೋಚನೆ ಮಾಡಬೇಕಾದ ಮಟ್ಟ ಮುಟ್ಟಿದೆ. ಎಣಿಕೆಯನ್ನು ಚಾಟ್‌ನಲ್ಲಿ ಒಂದೇ ಅಂಕಿಯಾಗಿ ಬರೆಯಲು ಹೇಳಿ. ಅವರಿಗೆ ಸಿಗುವುದು ತಮ್ಮ ಹೊಲದ್ದೇ ಉತ್ತರ, ಹಾಲ್‌ನವರಿಗಿಂತ ಒಂದು ಕೈ ಹೆಚ್ಚೇ.

ನೀವು ಒಡೆದು ತೋರಿಸುವುದನ್ನು ಇನ್ನೊಂದು ಫೋನ್‌ನಿಂದ ತೋರಿಸಿ. ಅದನ್ನು ಮೇಜಿನಿಂದ ಸುಮಾರು 30 ಸೆಂಟಿಮೀಟರ್ ಎತ್ತರದಲ್ಲಿ, ಕ್ಯಾಮೆರಾ ಕೆಳಮುಖವಾಗಿ ಸ್ಟ್ಯಾಂಡಿಗೆ ಕಟ್ಟಿ, ಸಭೆಗೆ ಸೇರಿಸಿ. ಮೈಕ್ ಮ್ಯೂಟ್ ಇರಲಿ, ಇಯರ್‌ಫೋನ್ ಚುಚ್ಚಿಡಿ. ಇಲ್ಲದಿದ್ದರೆ ಅದರ ಸ್ಪೀಕರಿನ ದನಿ ನಿಮ್ಮ ಕಾಲರ್ ಮೈಕಿಗೆ ಬಿದ್ದು ಕೂಗು ಶುರುವಾಗುತ್ತದೆ. ಕಾಯಿಯ ಕೆಳಗೆ ಕಂದು ರಟ್ಟು ಹಾಸಿ. ಕಪ್ಪು ಬಟ್ಟೆ ಹಾಸಿದರೆ ಕ್ಯಾಮೆರಾ ಬೆಳಕು ಹೆಚ್ಚಿಸಿಕೊಂಡು ಬಿಳಿ ಅರಳೆಯೆಲ್ಲ ಒಂದೇ ಹೊಳಪಿನ ಉಂಡೆಯಾಗುತ್ತದೆ, ಅದರಲ್ಲಿ ಗುಲಾಬಿ ಗೆರೆಯ ಹುಳ ಮಾಯ. ಒಡೆದ ಕಾಯಿಯನ್ನು ಐದು ಸೆಕೆಂಡು ಅಲುಗಿಸದೆ ಹಿಡಿಯಿರಿ, ವಿಡಿಯೊ ಸ್ಪಷ್ಟವಾಗಲು ಅಷ್ಟು ಸಮಯ ಬೇಕು.

ಸ್ಲೈಡಿನ ಅಕ್ಷರದ ಲೆಕ್ಕ ಹಾಲ್‌ನ ಕೊನೆಯ ಸಾಲಿಗಲ್ಲ, ಫೋನಿಗೆ ಹಾಕಬೇಕು. ಪವರ್‌ಪಾಯಿಂಟಿನ ಅಗಲ ಸ್ಲೈಡ್ ಸುಮಾರು 34 ಸೆಂಟಿಮೀಟರ್. ನೆಟ್ಟಗೆ ಹಿಡಿದ ಫೋನಿನಲ್ಲಿ ಅದು ಆರೂವರೆ ಸೆಂಟಿಮೀಟರಿಗೆ ಇಳಿಯುತ್ತದೆ, ಹೆಚ್ಚುಕಡಿಮೆ ಐದರಲ್ಲೊಂದು ಪಾಲು. ನೀವು ಹಾಕಿದ 28 ಪಾಯಿಂಟ್ ಅಲ್ಲಿ ಐದೂವರೆಯಷ್ಟೂ ಉಳಿಯುವುದಿಲ್ಲ. ಕನ್ನಡಕ್ಕೆ ಇದರ ಪೆಟ್ಟು ಇನ್ನೂ ಜಾಸ್ತಿ, ಒತ್ತಕ್ಷರ ಮೊದಲು ಮಸುಕಾಗುತ್ತವೆ. ಫೋನ್ ಅಡ್ಡ ಹಿಡಿಯಲು ಹೇಳಿ, 40 ಪಾಯಿಂಟಿಗಿಂತ ಕೆಳಗಿಳಿಯಬೇಡಿ, ಒಂದು ಸ್ಲೈಡಿಗೆ ನಾಲ್ಕೈದು ಸಾಲು ಸಾಕು. ಸಾಲುಗಳ ನಡುವೆ ಜಾಗ ಬಿಡಿ.

ಆಮೇಲೆ "ಇಲ್ಲಿ ನೋಡಿ, ಇದು". ಲೇಸರ್ ಪಾಯಿಂಟರಿನ ಕೆಂಪು ಚುಕ್ಕಿ ಗೋಡೆಯ ಮೇಲೆ ಬೀಳುತ್ತದೆ, ಹಂಚಿದ ಪರದೆಯ ಒಳಗೆ ಹೋಗುವುದಿಲ್ಲ. ಚಿತ್ರದ ಮೇಲೆಯೇ 1, 2, 3 ಅಂತ ದೊಡ್ಡ ಅಂಕಿ ಹಾಕಿ: 1 ದಳ ಬಿಚ್ಚದೆ ಗುಲಾಬಿಯಂತೆ ಮುದುಡಿದ ಹೂ, 2 ಕಾಯಿಯೊಳಗಿನ ಹುಳ, 3 ಅಂಟಿಕೊಂಡ ಜೋಡಿ ಬೀಜ. ಬಾಯಲ್ಲಿ "ನಾಲ್ಕನೇ ಸ್ಲೈಡ್, ಅಂಕಿ 2" ಅನ್ನಿ. ತೋರಿಸಲೇಬೇಕಾದರೆ ಸ್ಲೈಡ್ ಶೋ ನಡೆಯುವಾಗ `Ctrl+L` ಒತ್ತಿ, ಮೌಸೇ ಕೆಂಪು ಚುಕ್ಕಿಯಾಗಿ ಇಬ್ಬರಿಗೂ ಕಾಣುತ್ತದೆ. ಸ್ಲೈಡ್ ಬದಲಿಸಿದ ಮೇಲೆ ಒಂದು ಉಸಿರು ತೆಗೆದುಕೊಂಡು ಮಾತು ಶುರುಮಾಡಿ, ಅಷ್ಟರಲ್ಲಿ ಅಲ್ಲಿಯೂ ಬದಲಾಗಿರುತ್ತದೆ.

ಪ್ರಶ್ನೆಗಳಿಗೆ ಕೊನೆಯ ತನಕ ಕಾಯಬೇಡಿ, ಏಳನೇ ಮತ್ತು ಹದಿನಾಲ್ಕನೇ ನಿಮಿಷಕ್ಕೆ ನಿಲ್ಲಿಸಿ. ಮೊದಲು ಫೋನ್‌ನವರನ್ನು ಕೇಳಿ, ಹತ್ತು ಸೆಕೆಂಡು ಸುಮ್ಮನಿರಿ. ಮ್ಯೂಟ್ ತೆಗೆಯಲು, ಚಾಟ್‌ನಲ್ಲಿ ಬರೆಯಲು ಅಷ್ಟು ಬೇಕು. ಹಾಲ್‌ನಲ್ಲಿ ಆ ಮೌನ ಉದ್ದ ಅನ್ನಿಸುತ್ತದೆ, ಆದರೂ ತುಂಬಬೇಡಿ. ಹಾಲ್‌ನವರು ಕೇಳಿದ ಪ್ರತಿಯೊಂದು ಪ್ರಶ್ನೆಯನ್ನೂ ನಿಮ್ಮ ಮೈಕಿನಲ್ಲಿ ಮತ್ತೆ ಹೇಳಿ ಉತ್ತರಿಸಿ. "ಹೌದ್ರಿ, ಅದೂ ಹಾಕಬಹುದು" ಅಂದರೆ ದೇವದುರ್ಗದಲ್ಲಿ ಕೂತವರಿಗೆ ಏನನ್ನು ಹಾಕಬಹುದೆಂದು ಗೊತ್ತಾಗುವುದಿಲ್ಲ. ಔಷಧಿಯ ವಿಷಯದಲ್ಲಿ ಇದು ಸಣ್ಣ ತಪ್ಪಲ್ಲ.

ಮುಂದಿನ ಸಾಲಿನಲ್ಲಿ ಒಬ್ಬರು ಹೊರಗಿನವರ ಪರವಾಗಿ ಕೂರಲಿ. ಅವರು ಹಾಲ್‌ನ ವೈಫೈ ಬಿಟ್ಟು ತಮ್ಮ ಫೋನಿನ ಡೇಟಾದಲ್ಲಿ ಸಭೆಗೆ ಸೇರಿ, ಇಯರ್‌ಫೋನ್ ಹಾಕಿ, ಹೊರಗಿನವರು ಕೇಳುವುದನ್ನೇ ಕೇಳಬೇಕು. ಕಿವಿ ಮುಟ್ಟಿದರೆ ದನಿ ಹೋಗಿದೆ, ಅಂಗೈ ಎತ್ತಿದರೆ ಪರದೆ ನಿಂತಿದೆ. ಕರೆಂಟ್ ಹೋದಾಗ ಇವರೇ ಆಸರೆ. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಓಡುತ್ತಿರುತ್ತದೆ, ಹಾಲ್‌ನವರಿಗೆ ಮಾತು ಕೇಳುತ್ತಿರುತ್ತದೆ, ಯುಪಿಎಸ್ ಇಲ್ಲದ ರೂಟರ್ ಮಾತ್ರ ಸತ್ತಿರುತ್ತದೆ, ಹೊರಗಿನವರೆಲ್ಲ ಬಿಟ್ಟುಹೋದದ್ದು ಮಾತಾಡುವವರಿಗೆ ತಿಳಿಯುವುದೇ ಇಲ್ಲ.

ಕೊನೆಯಲ್ಲಿ, ಈ ಹುಳದ ಪತಂಗಗಳನ್ನು ವಾಸನೆಯಿಂದ ಸೆಳೆದು ಹಿಡಿಯುವ ಮೋಹಕ ಬಲೆಯ ಬಗ್ಗೆ ಇಬ್ಬರಿಗೂ ಒಂದೇ ಪ್ರಶ್ನೆ ಹಾಕಿ: "ಮೋಹಕ ಬಲೆಯಲ್ಲಿ ಎಷ್ಟು ಪತಂಗ, ಎಷ್ಟು ರಾತ್ರಿ ಬಿದ್ದರೆ ಎಚ್ಚರ?" ಉತ್ತರ: ಒಂದು ಬಲೆಗೆ ಒಂದು ರಾತ್ರಿಗೆ 8, ಸತತ 3 ರಾತ್ರಿ. ಹಾಲ್‌ನವರು ಎರಡೂ ಅಂಕಿ ಹೇಳಿ, ಫೋನ್‌ನವರು 8 ಮಾತ್ರ ಬರೆದರೆ, ಆ 3 ಸ್ಲೈಡಿನಲ್ಲಿ ಇದೆಯೋ ಅಥವಾ ನೀವು ಬೆರಳೆತ್ತಿ ತೋರಿಸಿದಿರೋ ನೋಡಿಕೊಳ್ಳಿ.