11.55ರ ಕೊನೆಯ ರೈಲನ್ನು ಹೊಸೂರಿನವರು ನಂಬಬೇಡಿ

ಬೊಮ್ಮಸಂದ್ರದಿಂದ ಆರ್.ವಿ. ರಸ್ತೆಯವರೆಗಿನ, ಬೆಂಗಳೂರು ಮೆಟ್ರೋದ ಹಳದಿ ಮಾರ್ಗವು 2025ರ ಆಗಸ್ಟ್ 11ರಂದು ಸಾರ್ವಜನಿಕರಿಗೆ ತೆರೆದಾಗ, ಹೊಸೂರಿನಲ್ಲಿರುವ ನಮ್ಮಂಥ ಕನ್ನಡಿಗರ ಮನೆಗಳಲ್ಲಿ ಒಂದು ಸಣ್ಣ ಹಬ್ಬವೇ ನಡೆಯಿತು. ಸಿಲ್ಕ್ ಬೋರ್ಡಿನ ಸಂದಣಿಯಲ್ಲಿ ಒಂದೊಂದು ಗಂಟೆ ಕೊಳೆಯುವ ಕಷ್ಟ ತಪ್ಪಿತೆಂದೂ, ಸಂಜೆ ಬೆಂಗಳೂರಿಗೆ ಹೋಗಿ ಒಂದು ನಾಟಕವನ್ನೋ ಕಛೇರಿಯನ್ನೋ ಮುಗಿಸಿಕೊಂಡು ರಾತ್ರಿಯೇ ಮನೆಗೆ ಮರಳಬಹುದೆಂದೂ ಎಲ್ಲರೂ ಲೆಕ್ಕ ಹಾಕಿದೆವು. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದ ಕಡೆಗೆ ಕೊನೆಯ ರೈಲು ರಾತ್ರಿ 11.55ಕ್ಕೆ ಎಂಬ ಸುದ್ದಿಯೇ ಈ ಲೆಕ್ಕಕ್ಕೆಲ್ಲ ಆಧಾರವಾಗಿತ್ತು. ಅದು ಸುಳ್ಳು ಸುದ್ದಿಯಲ್ಲ. ಆದರೆ ಅದನ್ನೇ ನಂಬಿ ಆ ತಿಂಗಳ ಕೊನೆಯ ಶನಿವಾರ ಅಮ್ಮನನ್ನು ಕರೆದುಕೊಂಡು ಬಸವನಗುಡಿಯ ಗಣೇಶೋತ್ಸವದ ಸಂಗೀತಕ್ಕೆ ಹೋದ ನಾನು, ಮಧ್ಯರಾತ್ರಿಯ ಮೇಲೆ ಅವರನ್ನು ರಾಜ್ಯದ ಗಡಿ ದಾಟಿಸಿ ನಡೆಸಿಕೊಂಡು ಬರಬೇಕಾಯಿತು.

ಕಛೇರಿ ಮುಗಿದಾಗ ಹತ್ತು ಗಂಟೆ ದಾಟಿತ್ತು. ಕೊನೆಯ ರೈಲಿಗೆ ಇನ್ನೂ ಬಹಳ ಹೊತ್ತಿದೆ ಎಂಬ ಧೈರ್ಯದಿಂದ ಊಟಕ್ಕೆ ಕುಳಿತೆವು. ಬಾಗಿಲು ಹಾಕುವ ಹೊತ್ತಿನ ಹೋಟೆಲಿನಲ್ಲಿ ತಣ್ಣಗಾದ ಪಲಾವನ್ನು ಕಾದು ತಿಂದೆವು. ನ್ಯಾಷನಲ್ ಕಾಲೇಜು ನಿಲ್ದಾಣಕ್ಕೆ ಬಂದಾಗ 10.40. ನಮ್ಮಂತೆಯೇ ಕಛೇರಿ ಮುಗಿಸಿ ಬಂದವರೆಲ್ಲ ಟಿಕೆಟಿನ ಸಾಲಿನಲ್ಲಿದ್ದರು, ನನ್ನ ಬಳಿ ಕಾರ್ಡ್ ಇರಲಿಲ್ಲ. ಹಸಿರು ಮಾರ್ಗದ ರೈಲು ಸಿಕ್ಕಿ, ನಾಲ್ಕು ನಿಲ್ದಾಣ ದಾಟಿ ಆರ್.ವಿ. ರಸ್ತೆಯಲ್ಲಿ ಇಳಿದು, ಅಮ್ಮನ ಮಂಡಿ ನೋವಿನ ವೇಗದಲ್ಲಿ ಹಳದಿ ಮಾರ್ಗದ ವೇದಿಕೆಗೆ ಬರುವಾಗ 11.08 ಆಗಿತ್ತು, ಮೂರು ನಿಮಿಷದ ಹಿಂದೆ ಒಂದು ರೈಲು ಹೊರಟುಹೋಗಿತ್ತು. ಮುಂದಿನದು 11.30ಕ್ಕೆ ಎಂದು ಸಿಬ್ಬಂದಿ ಹೇಳಿದಾಗ, ‘ಮೆಟ್ರೋ ಅಂದರೆ ಐದು ನಿಮಿಷಕ್ಕೊಂದು’ ಎಂದು ಮಲ್ಲೇಶ್ವರದ ನನ್ನ ಗೆಳೆಯ ಕೊಟ್ಟಿದ್ದ ಭರವಸೆ ನೆನಪಾಯಿತು.

ಗೆಳೆಯನ ಮಾತು ಅವನ ಹಸಿರು ಮಾರ್ಗಕ್ಕೆ, ಅದೂ ದಟ್ಟಣೆಯ ಹೊತ್ತಿಗೆ ಮಾತ್ರ ಸಲ್ಲುತ್ತದೆ. ಹಳದಿ ಮಾರ್ಗದ ಲೆಕ್ಕವೇ ಬೇರೆ, ಮತ್ತು ಅದು ಯಾರಾದರೂ ಕಾಗದದ ಮೇಲೆ ಹಾಕಿ ನೋಡಬಹುದಾದಷ್ಟು ಸರಳವಾದದ್ದು. ಹದಿನಾರು ನಿಲ್ದಾಣಗಳ ಈ 19 ಕಿಲೋಮೀಟರು ದಾಟಲು ರೈಲಿಗೆ ಸುಮಾರು 35 ನಿಮಿಷ ಬೇಕು. ಹೋಗಿ, ಕೊನೆಯಲ್ಲಿ ದಿಕ್ಕು ಬದಲಿಸಿ, ಮರಳಿ ಹೊರಡಲು ಒಟ್ಟು 75 ನಿಮಿಷವೆಂದು ಇಟ್ಟುಕೊಳ್ಳಿ. ಮಾರ್ಗ ತೆರೆದಾಗ ಇದ್ದದ್ದು ಮೂರೇ ರೈಲುಗಳಾದ್ದರಿಂದ 25 ನಿಮಿಷಕ್ಕೊಂದು ಸಿಗುತ್ತಿತ್ತು. ಸೆಪ್ಟೆಂಬರಿನಲ್ಲಿ ನಾಲ್ಕನೆಯದು ಸೇರಿದಾಗ ಅಂತರ 19 ನಿಮಿಷಕ್ಕೂ, ನವೆಂಬರಿನಲ್ಲಿ ಐದನೆಯದು ಬಂದಾಗ 15ಕ್ಕೂ ಇಳಿಯಿತು. ರೈಲು ಹೆಚ್ಚಿದಂತೆ ಅಂತರ ಇಳಿಯುತ್ತಲೇ ಹೋಗುತ್ತದೆ. ಆದ್ದರಿಂದ ಹಳೆಯ ಸುದ್ದಿಯಲ್ಲಿ ಓದಿದ ಅಂಕಿಯನ್ನು, ನಾನು ಇಲ್ಲಿ ಬರೆದಿರುವುದನ್ನೂ ಸೇರಿಸಿ, ಹೊರಡುವ ದಿನ ನಿಲ್ದಾಣದಲ್ಲಿ ಕೇಳಿ ಸರಿಪಡಿಸಿಕೊಳ್ಳಿ. ಕೇಳುವಾಗ ‘ಎಷ್ಟು ನಿಮಿಷಕ್ಕೊಂದು’ ಎಂದಷ್ಟೇ ಕೇಳಿದರೆ ಹಗಲಿನ ಉತ್ತರ ಸಿಗುತ್ತದೆ. ರಾತ್ರಿ ಹತ್ತರ ಮೇಲೆ ಎಷ್ಟಕ್ಕೊಂದು ಎಂದು ಕೇಳಬೇಕು.

ನಾವು ಬೊಮ್ಮಸಂದ್ರದಲ್ಲಿ ಇಳಿದಾಗ 12.05. ಅಲ್ಲಿಂದ ಹೊಸೂರಿಗೆ ಇನ್ನೂ ಸುಮಾರು 15 ಕಿಲೋಮೀಟರು, ಮತ್ತು ನಿಜವಾದ ತೊಂದರೆ ಆರಂಭವಾಗುವುದೇ ಇಲ್ಲಿಂದ. ಹೊಸೂರು ದಾಟಿ ಹೋಗುವ ಕೃಷ್ಣಗಿರಿ, ಧರ್ಮಪುರಿ, ಸೇಲಂ ಬಸ್ಸುಗಳು ರಾತ್ರಿಯಿಡೀ ಆ ಹೆದ್ದಾರಿಯಲ್ಲಿ ಓಡುತ್ತವೆ, ನಾವು ನಿಂತಿದ್ದ ಅರ್ಧ ಗಂಟೆಯಲ್ಲೇ ನಾಲ್ಕನ್ನು ಕಂಡೆವು. ಆದರೆ ಅವು ಎಲೆಕ್ಟ್ರಾನಿಕ್ ಸಿಟಿಯವರೆಗಿನ ಮೇಲ್ಸೇತುವೆಯಿಂದ ಇಳಿದ ವೇಗದಲ್ಲೇ ಮುಖ್ಯ ರಸ್ತೆಯ ನಡುವಿನಲ್ಲಿ ಹೋಗುತ್ತವೆ; ಪಕ್ಕದ ಸರ್ವಿಸ್ ರಸ್ತೆಯಲ್ಲಿ ಕೈ ತೋರಿಸುತ್ತ ನಿಂತವರನ್ನು ಚಾಲಕರು ನೋಡುವುದೂ ಇಲ್ಲ. ನಗರ ಸಾರಿಗೆಯ ಬಸ್ಸುಗಳ ಓಟ ಅತ್ತಿಬೆಲೆಗೇ ಮುಗಿಯುತ್ತದೆ, ಆ ಹೊತ್ತಿನಲ್ಲಿ ಅದೂ ನಮಗೆ ಸಿಗಲಿಲ್ಲ. ಮೊಬೈಲಿನಲ್ಲಿ ಕಾರು ಕರೆದರೆ ಇಬ್ಬರು ಚಾಲಕರು ಒಪ್ಪಿ, ಹೊಸೂರೆಂದು ತಿಳಿದ ಕೂಡಲೇ ರದ್ದು ಮಾಡಿದರು. ಅವರನ್ನು ಬೈದು ಪ್ರಯೋಜನವಿಲ್ಲ, ಕರ್ನಾಟಕದ ಬಾಡಿಗೆ ಕಾರು ತಮಿಳುನಾಡಿಗೆ ಕಾಲಿಟ್ಟರೆ ಅಲ್ಲಿನ ತೆರಿಗೆ ಕಟ್ಟಬೇಕು, ಹದಿನೈದು ಕಿಲೋಮೀಟರಿಗಾಗಿ ಯಾರೂ ಕಟ್ಟಲಾರರು.

ಕೊನೆಗೆ ಒಬ್ಬ ಆಟೋದವರು ‘ಹೊಸೂರಿಗೇ ಬಿಡುತ್ತೇನೆ’ ಎಂದು 700 ರೂಪಾಯಿಗೆ ಒಪ್ಪಿಸಿಕೊಂಡು, ಅತ್ತಿಬೆಲೆಯ ಆಚೆ ಗಡಿ ಕಾಣುವಲ್ಲಿ ನಿಲ್ಲಿಸಿ, ಮುಂದೆ ತಮಗೆ ಪರವಾನಗಿ ಇಲ್ಲವೆಂದರು. ಹೊರಡುವ ಮೊದಲೂ ಇರಲಿಲ್ಲವಲ್ಲ ಎಂದು ಕೇಳಿದರೆ ನಕ್ಕು ಹಣಕ್ಕೆ ಕೈ ಚಾಚಿದರು. ಅಮ್ಮನ ಕೈ ಹಿಡಿದುಕೊಂಡು, ಸಾಲುಗಟ್ಟಿ ನಿಂತ ಲಾರಿಗಳ ಪಕ್ಕದಲ್ಲಿ ಜೂಜುವಾಡಿಯ ಕಡೆಗೆ ನಡೆದೆ. ಅಲ್ಲಿ ತಮಿಳುನಾಡಿನ ಆಟೋ ಒಂದು ಸಿಕ್ಕಿತು, ಇನ್ನೊಂದು 300 ರೂಪಾಯಿ. ಇಬ್ಬರ ಮೆಟ್ರೋ ಟಿಕೆಟಿಗೆ ಕೊಟ್ಟದ್ದರ ಎಷ್ಟೋ ಪಟ್ಟು ಈ ಕೊನೆಯ ತುಂಡು ದಾರಿಗೆ ಹೋಯಿತು, ಮನೆ ಸೇರಿದಾಗ ಒಂದೂವರೆ ಗಂಟೆ.

ಮರುದಿನ ಕುಳಿತು ಯೋಚಿಸಿದಾಗ ತಪ್ಪು ಎಲ್ಲಿದೆಯೆಂದು ತಿಳಿಯಿತು. ಕೊನೆಯ ರೈಲಿನ ಸಮಯವೆಂಬುದು ಇಡೀ ಮಾರ್ಗಕ್ಕೆ ಒಂದೇ ಅಲ್ಲ, ನಿಲ್ದಾಣಕ್ಕೊಂದು, ದಿಕ್ಕಿಗೊಂದು. ಆಗಿನ ವೇಳಾಪಟ್ಟಿಯಲ್ಲಿ ಆರ್.ವಿ. ರಸ್ತೆಯಿಂದ 11.55ಕ್ಕೆ ಕೊನೆಯ ರೈಲಿದ್ದರೆ, ಎದುರು ದಿಕ್ಕಿನಲ್ಲಿ ಬೊಮ್ಮಸಂದ್ರದಿಂದ ಅದು 10.42ಕ್ಕೇ ಹೊರಟುಹೋಗುತ್ತಿತ್ತು. ಮೆಜೆಸ್ಟಿಕ್ಕಿನಿಂದ ನಾಲ್ಕೂ ದಿಕ್ಕಿಗೆ ಕೊನೆಯ ರೈಲು 11.40ಕ್ಕೆ, ಅದು ಆರ್.ವಿ. ರಸ್ತೆಗೆ ಬರಲು ಕಾಲು ಗಂಟೆ ಹಿಡಿಯುತ್ತದೆಯಾದ್ದರಿಂದ, ಕೊನೆಯ ಹಸಿರು ರೈಲನ್ನು ಹಿಡಿದವರಿಗೆ ಕೊನೆಯ ಹಳದಿ ರೈಲು ಕಾಗದದ ಮೇಲೆ ಸರಿಯಾಗಿ ಸಿಗುತ್ತದೆ, ಆದರೆ ವೇದಿಕೆ ಬದಲಿಸಲು ಒಂದು ನಿಮಿಷವೂ ಉಳಿಯುವುದಿಲ್ಲ. ಓಡಬಲ್ಲವರು ಅದನ್ನು ನಂಬಲಿ. ವಯಸ್ಸಾದವರೋ ಮಕ್ಕಳೋ ಜೊತೆಗಿದ್ದರೆ ಕೊನೆಯದಕ್ಕಿಂತ ಎರಡು ರೈಲು ಹಿಂದಿನದನ್ನೇ ನಿಮ್ಮ ಕೊನೆಯ ರೈಲೆಂದು ತಿಳಿಯಿರಿ. ಇನ್ನು ಹೊಸೂರಿನವರ ಮಟ್ಟಿಗೆ ಕೊನೆಯ ಹಳದಿ ರೈಲು ಸಿಕ್ಕರೂ ಲಾಭವಿಲ್ಲ, ಅದು ನಮ್ಮನ್ನು 12.30ಕ್ಕೆ, ಬಸ್ಸು ನಿಲ್ಲದ ಒಂದು ರಸ್ತೆಯ ಬದಿಯಲ್ಲಿ ಇಳಿಸುತ್ತದೆ, ಅಷ್ಟೇ.

ಹಾಗಾದರೆ ಎಲ್ಲಿ ಇಳಿಯಬೇಕು? ಇದನ್ನು ನನಗೆ ಹೇಳಿಕೊಟ್ಟವರು ನಮ್ಮ ಬೀದಿಯಲ್ಲಿ ಹೂವಿನ ವ್ಯಾಪಾರ ಮಾಡುವ ಅಣ್ಣ, ವಾರಕ್ಕೆ ಮೂರು ಸಲ ಕೆ.ಆರ್. ಮಾರುಕಟ್ಟೆಗೆ ಹೋಗಿಬರುವವರು. ರಾತ್ರಿಯಾದರೆ ಅವರು ಬೊಮ್ಮಸಂದ್ರದವರೆಗೆ ಹೋಗುವುದೇ ಇಲ್ಲ, ಆರ್.ವಿ. ರಸ್ತೆಯಿಂದ ನಾಲ್ಕನೆಯ ನಿಲ್ದಾಣವಾದ ಸೆಂಟ್ರಲ್ ಸಿಲ್ಕ್ ಬೋರ್ಡಿನಲ್ಲೇ ಇಳಿಯುತ್ತಾರೆ. ತಮಿಳುನಾಡಿನ ಬಸ್ಸುಗಳು ಮೇಲ್ಸೇತುವೆ ಹತ್ತುವ ಮೊದಲು ಕೊನೆಯದಾಗಿ ಜನರನ್ನು ತುಂಬಿಕೊಳ್ಳುವುದು ಆ ಭಾಗದಲ್ಲೇ. ರಾತ್ರಿಯಲ್ಲೂ ಜನ, ಬೆಳಕು, ಚಹಾದ ಗಾಡಿ ಇರುವ ಸ್ಥಳವದು. ಅರ್ಧ ದಾರಿಯಲ್ಲಿ ಮೆಟ್ರೋ ಬಿಡುವುದು ವಿಚಿತ್ರವೆನಿಸಿದರೂ, ಹೊಸೂರಿನವರಿಗೆ ಹಗಲಿನ ಮೆಟ್ರೋ ಬೊಮ್ಮಸಂದ್ರದ್ದು, ರಾತ್ರಿಯದು ಸಿಲ್ಕ್ ಬೋರ್ಡಿನದು ಎಂದು ನಾನೂ ಈಗ ಒಪ್ಪಿದ್ದೇನೆ. ಬಸ್ಸು ಹತ್ತುವ ಮೊದಲು ನಿರ್ವಾಹಕರಲ್ಲಿ ಎರಡು ಮಾತು ಕೇಳಬೇಕು: ಹೊಸೂರಿಗೆ ಟಿಕೆಟ್ ಕೊಡುತ್ತೀರಾ, ಬಸ್ ನಿಲ್ದಾಣದ ಒಳಗೆ ಹೋಗುತ್ತೀರಾ. ಸೇಲಂ ಪ್ರಯಾಣಿಕರು ಹೆಚ್ಚಿರುವ ಶನಿವಾರದ ರಾತ್ರಿ ಮೊದಲನೆಯದಕ್ಕೆ ತಲೆಯಾಡಿಸಿ ಇಲ್ಲವೆನ್ನುವವರಿದ್ದಾರೆ. ಎರಡನೆಯದಕ್ಕೆ ಉತ್ತರ ಸಿಗದಿದ್ದರೆ ಹೆದ್ದಾರಿಯ ಕತ್ತಲಿನಲ್ಲಿ ಇಳಿಯಬೇಕಾದೀತು.

ಈ ಉಪಾಯವನ್ನು ಅಕ್ಟೋಬರಿನಲ್ಲಿ ಅಮ್ಮನ ಜೊತೆಗೇ ಪರೀಕ್ಷಿಸಿದೆ. ಈ ಸಲ ಊಟವನ್ನು ಕಾರ್ಯಕ್ರಮಕ್ಕೆ ಮೊದಲೇ ಮುಗಿಸಿದೆವು. ನ್ಯಾಷನಲ್ ಕಾಲೇಜು ನಿಲ್ದಾಣದಿಂದ ಐದು ನಿಮಿಷ ನಡೆದರೆ ಸಿಗುವ, ನಾಲ್ಕೇ ಮೇಜುಗಳ ಒಂದು ಹೋಟೆಲು. ಸಂಜೆ ಆರಕ್ಕೇ ಅಕ್ಕಿರೊಟ್ಟಿ ಹಂಚಿನ ಮೇಲಿರುತ್ತದೆ. ಸಬ್ಬಸಿಗೆ ಸೊಪ್ಪು ಧಾರಾಳವಾಗಿ ಬಿದ್ದ, ಅಂಚು ಗರಿಗರಿಯಾಗಿ ನಡು ಮೆತ್ತಗಿರುವ ರೊಟ್ಟಿ, ಜೊತೆಗೆ ಹುಚ್ಚೆಳ್ಳು ಚಟ್ನಿ, ಬೇಡವೆಂದರೂ ಬೀಳುವ ಒಂದು ಬೆರಳಷ್ಟು ಬೆಣ್ಣೆ. ಇಬ್ಬರಿಗೆ ಕಾಫಿಯೂ ಸೇರಿ 170 ರೂಪಾಯಿ ಆಯಿತು. ಅಮ್ಮ ಎರಡನೆಯ ರೊಟ್ಟಿ ಕೇಳಿದ್ದು ಎಷ್ಟು ವರ್ಷದ ಮೇಲೋ ನನಗೆ ನೆನಪಿಲ್ಲ. ಆ ಊಟವೇ ಹಿಂದಿನ ಸಲ ಕಳೆದುಕೊಂಡ ಅರ್ಧ ಗಂಟೆಯನ್ನು ಮರಳಿ ಕೊಟ್ಟಿತು. ಇಬ್ಬರಿಗೂ ಒಂದೊಂದು ಕಾರ್ಡ್ ಮೊದಲೇ ಮಾಡಿಸಿದ್ದರಿಂದ ಟಿಕೆಟಿನ ಸಾಲಿನ ಹಂಗೂ ಇರಲಿಲ್ಲ, ರಾತ್ರಿ ಒಂಬತ್ತರ ಮೇಲಿನ ಪ್ರಯಾಣಕ್ಕೆ ಕಾರ್ಡಿನಲ್ಲಿ ರಿಯಾಯಿತಿ ತುಸು ಹೆಚ್ಚೆಂಬುದು ಕೊಸರು.

ಮಂಗಳಕ್ಕೆ ಮೊದಲೇ, 8.50ಕ್ಕೆ, ಸಭೆಯಿಂದ ಎದ್ದೆವು. 9.15ಕ್ಕೆ ಆರ್.ವಿ. ರಸ್ತೆ, ಹಳದಿ ರೈಲಿಗೆ ಹದಿನಾಲ್ಕು ನಿಮಿಷ ಕಾದೆವು, 9.40ರ ಹೊತ್ತಿಗೆ ಸಿಲ್ಕ್ ಬೋರ್ಡಿನಲ್ಲಿ ಇಳಿದು, ಮೊದಲ ಬಸ್ಸು ಬೇಡವೆಂದದ್ದನ್ನು ಸಹಿಸಿ, ಎರಡನೆಯದಾದ ಧರ್ಮಪುರಿ ಬಸ್ಸನ್ನು ಹತ್ತಿದೆವು. ಹನ್ನೊಂದಕ್ಕೆ ಮುಂಚೆಯೇ ಹೊಸೂರಿನ ಬಸ್ ನಿಲ್ದಾಣದಲ್ಲಿದ್ದೆವು. ಬಸ್ಸು ಸಿಗುವುದು ತಡವಾದರೆ ರಸ್ತೆಯಲ್ಲಿ ಅಲೆಯದೆ ಮೆಟ್ರೋ ನಿಲ್ದಾಣದ ಬೆಳಕಿರುವ ಬಾಗಿಲ ಬಳಿಯಲ್ಲೇ ನಿಂತಿರಿ. 112 ಸಂಖ್ಯೆ ಗಡಿಯ ಎರಡೂ ಕಡೆ ಕೆಲಸ ಮಾಡುತ್ತದೆ. ದ್ವಿಚಕ್ರ ವಾಹನವನ್ನು ಬೊಮ್ಮಸಂದ್ರದ ಬಳಿ ಬಿಟ್ಟು ಹೋಗುವವರು ಮಾತ್ರ ಕೊನೆಯ ನಿಲ್ದಾಣದವರೆಗೆ ಹೋಗಲಿ, ಆದರೆ ರಾತ್ರಿ ಎಷ್ಟು ಹೊತ್ತಿನವರೆಗೆ ಗಾಡಿ ತೆಗೆಯಲು ಬಿಡುತ್ತಾರೆಂದು ಬೆಳಿಗ್ಗೆಯೇ ಕೇಳಿಕೊಂಡಿರಲಿ.

ಬೆಳಗಿನ ಮೊದಲ ರೈಲಿನ ಬಗ್ಗೆ ಹೇಳಬೇಕಾದದ್ದು ಸ್ವಲ್ಪವೇ. ಹಸಿರು ಮತ್ತು ನೇರಳೆ ಮಾರ್ಗಗಳು ಬೆಳಿಗ್ಗೆ 5ಕ್ಕೆ, ಸೋಮವಾರ 4.15ಕ್ಕೇ ಆರಂಭವಾಗುತ್ತವೆಂದು ಓದಿ ನಮ್ಮ ಪಕ್ಕದ ಮನೆಯವರು ಮೈಸೂರಿನ ರೈಲಿಗೆ ಹೊರಟಿದ್ದರು. ಹಳದಿ ಮಾರ್ಗ ಆಗ ಆರಂಭವಾಗುತ್ತಿದ್ದದ್ದು 6.30ಕ್ಕೆ. ಆ ರೈಲಿಗೆ ಬೊಮ್ಮಸಂದ್ರದಲ್ಲಿ ಹತ್ತಿದರೆ ಮೆಜೆಸ್ಟಿಕ್ ತಲುಪುವಾಗ ಏಳೂವರೆ ಸಮೀಪಿಸುತ್ತದೆ. ಎಂಟಕ್ಕೆ ಮುಂಚಿನ ಯಾವ ರೈಲಿಗೂ ಅದನ್ನು ನೆಚ್ಚಿಕೊಳ್ಳುವಂತಿರಲಿಲ್ಲ. ಭಾನುವಾರ ಇನ್ನೂ ತಡ. ಅವರು ಬಾಗಿಲು ತೆರೆಯದ ನಿಲ್ದಾಣದ ಮುಂದೆ ಅರ್ಧ ಗಂಟೆ ನಿಂತು, ಬಸ್ಸಿಗೆ ಮರಳಿದರು.

ಅಮ್ಮನಿಗೆ ಒಂದೇ ಅಸಮಾಧಾನ ಉಳಿದಿದೆ, ಮಂಗಳ ಕೇಳದೆ ಎದ್ದುಬಂದದ್ದು. ಮುಂದಿನ ಸಲ ಜಯನಗರದ ಚಿಕ್ಕಮ್ಮನ ಮನೆಯಲ್ಲಿ ಉಳಿದು ಬೆಳಿಗ್ಗೆ ಬರೋಣ ಎಂದಿದ್ದಾರೆ.